ಒಂದನೇ ಪಾರ್ಟಿ ಯಾರು

ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅಕ್ಷರ ಗೊತ್ತು, ಅಂಕೆ ಚೆನ್ನಾಗಿ ಗೊತ್ತು. ಮೂವತ್ತು ವರ್ಷ ತಲೆ ಮೇಲೆ ಮೀನಿನ ಬುಟ್ಟಿ ಹೊತ್ತು ಮನೆ ಮನೆ ತಿರುಗಿದವಳಿಗೆ ಅಂಕೆ ತಪ್ಪಿದರೆ ಊಟ ತಪ್ಪುತ್ತದೆ. ಆದರೆ ಓದುವುದು ನಿಧಾನ. ಬಸ್ಸಿನ ಬೋರ್ಡು, ಕರೆಂಟು ಬಿಲ್ಲು, ಮದುವೆ ಕಾಗದ, ಇಷ್ಟೇ ನನ್ನ ಓದು. ಅಂಥವಳು ಒಂದು ಮಧ್ಯಾಹ್ನ ಕೂತು ಯಂತ್ರಗಳ ಬಾಡಿಗೆ ಕರಾರು ಓದಿದೆ. ಅದರಿಂದ ಏನಾಯಿತು ಎಂದು ಬರೆಯುತ್ತೇನೆ. ಇವತ್ತಿಗೂ ಅದರಲ್ಲಿ ಅರ್ಧ ನನಗೆ ಅರ್ಥವಾಗಿಲ್ಲ. ಅರ್ಥವಾದ ಅರ್ಧ ನನ್ನ ಮೇಲೆಯೇ ಬಂತು.

ನನ್ನ ಮಗಳ ಮಗಳು ಆಗ ಒಂದು ಸೈಟ್ ಆಫೀಸಿನಲ್ಲಿ ಕೆಲಸಕ್ಕೆ ಸೇರಿ ಐದು ತಿಂಗಳಾಗಿತ್ತು. ಅದಕ್ಕೂ ಮೊದಲು ಬ್ರಹ್ಮಾವರದಲ್ಲಿ ಜೆರಾಕ್ಸ್ ಅಂಗಡಿಯಲ್ಲಿದ್ದಳು. ಹೊಳೆಗೆ ಕಿಂಡಿ ಅಣೆಕಟ್ಟು ಕಟ್ಟುವ ಸೈಟ್ ಅದು. ಉಪ್ಪು ನೀರು ಗದ್ದೆಗೆ ಏರಬಾರದು ಎಂದು ಹಲಗೆ ಹಾಕುವ ಕಿಂಡಿಗಳಿರುವ ಕಟ್ಟು. ತ್ರಾಸಿಯಲ್ಲಿರುವ ನಮ್ಮ ಮನೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆ, ಆಮೇಲೆ ಒಳ ರಸ್ತೆಯಲ್ಲಿ ರಿಕ್ಷಾ. ಆರು ತಿಂಗಳು ನೋಡುತ್ತೇವೆ, ಸರಿ ಕಂಡರೆ ಕಾಯಂ ಮಾಡುವ ಕಾಗದ ಕೊಡುತ್ತೇವೆ ಎಂದು ಕಂಪನಿಯವರು ಹೇಳಿದ್ದರು. ಆ ಕಾಗದ ಬಂದರೆ ಪಿಎಫ್ ಉಂಟು, ರಜೆ ಉಂಟು. ಅವಳ ಅಮ್ಮ, ಎಂದರೆ ನನ್ನ ಮಗಳು, ಗೇರುಬೀಜದ ಕಾರ್ಖಾನೆಯಲ್ಲಿ ಕೂತು ಕೂತು ಸೊಂಟ ಕಳೆದುಕೊಂಡವಳು. ಆ ಕಾಗದ ಬಂದರೆ ತಾನು ಕಾರ್ಖಾನೆ ಬಿಡುತ್ತೇನೆ ಎಂದು ಕೂತಿದ್ದಳು. ಒಂದು ಕಾಗದಕ್ಕೆ ಇಬ್ಬರು ಕಾಯುತ್ತಿದ್ದರು.

ಆರನೇ ತಿಂಗಳು ಶುರುವಾಗಿ ಒಂದು ವಾರಕ್ಕೆ ಹುಡುಗಿಗೆ ಕೆಂಗಣ್ಣು ಬಂತು. ಎರಡೂ ಕಣ್ಣು ಊದಿ, ಪಿಸುರು ಕಟ್ಟಿ, ಬೆಳಕು ಕಂಡರೆ ನೀರು. ಆಫೀಸಿನವರಿಗೆ ಹರಡಬಾರದು ಎಂದು ಮನೆಗೆ ಕಳಿಸಿದರು. ಬರಿಗೈಯಲ್ಲಿ ಬಂದಿದ್ದರೆ ಮಲಗುತ್ತಿದ್ದಳು. ಕಂಕುಳಲ್ಲಿ ಒಂದು ಪ್ಲಾಸ್ಟಿಕ್ ಫೈಲು ಇಟ್ಟುಕೊಂಡು ಬಂದಳು.

"ಎಂತ ಅದ್?" ಎಂದೆ.

"ಕರಾರು ಪತ್ರ ಅಮ್ಮಮ್ಮ. ಸೈಟಿಗೆ ಬಾಡ್ಗಿಗೆ ತಂದ ಮಿಶನ್ನಿನದ್ದ್. ಮ್ಯಾನೇಜರಿಗೆ ನಾಳೆ ಬೆಳಿಗ್ಗೆ ಒಂದೇ ಹಾಳೆಯಲ್ಲಿ ಬರ್ದ್ ಕೊಡ್ಕ್. ಗಂಟೆಗೆ ಎಷ್ಟ್, ಕಡಿಮೆ ಅಂದ್ರೆ ಎಷ್ಟ್ ಕೊಡ್ಕ್, ಹಾಳಾದ್ರೆ ಯಾರ್ ಕೊಡುದ್. ಮೂರೇ ಕಾಲಂ."

"ಅವ್ರಿಗೆ ಓದುಕೆ ಬತ್ತಿಲ್ಯಾ?"

"ಹನ್ನೊಂದ್ ಕರಾರ್ ಇತ್ತ್. ಮಿಶನ್ ಎದ್ರಿಗೆ ನಿಂತ್ಕಂಡ್ ಅಷ್ಟೂ ಓದುಕೆ ಆತ್ತಾ? ಇಂಗ್ಲಿಷಿನದ್ದ್ ಏಳು ನಾ ಮುಗ್ಸಿದೆ. ಕನ್ನಡದ್ದ್ ನಾಲ್ಕ್ ಉಳ್ದಿತ್. ಅಕ್ಷರ ಕಾಣ್ತಿಲ್ಲೆ ನಂಗೆ."

ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ನಾನು ಕನ್ನಡಕ ಹುಡುಕಿದೆ. ಅವಳು ಒದ್ದೆ ಬಟ್ಟೆ ಕಣ್ಣಿಗೆ ಹಾಕಿಕೊಂಡು ಚಾವಡಿಯಲ್ಲಿ ಮಲಗಿದಳು. ನಾನು ಓದುವುದು, ಅವಳು ಏನು ಬರೆಯಬೇಕು ಎಂದು ಹೇಳುವುದು, ನಾನೇ ಗೆರೆ ಎಳೆದ ಹಾಳೆಯಲ್ಲಿ ಬರೆಯುವುದು. ನಾಳೆ ಬೆಳಿಗ್ಗೆ ಅವಳು ಅದರ ಫೋಟೋ ತೆಗೆದು ಮ್ಯಾನೇಜರಿಗೆ ಕಳಿಸುವುದು.

ಮೊದಲನೆಯದು ವಂಡ್ಸೆ ಕಡೆಯವರ ಜೆಸಿಬಿಯದ್ದು. ಛಾಪಾ ಕಾಗದದ ಮೇಲೆ ಟೈಪ್ ಮಾಡಿದ್ದು. ಮೇಲಿನಿಂದ ಶುರು ಮಾಡಿದೆ. ಸನ್ ಇಸವಿ, ತಾರೀಕು, ಇವರ ಮಗ, ವಯಸ್ಸು ಇಷ್ಟು, ವಾಸ ಇಂಥಲ್ಲಿ, ಇವರನ್ನು ಇನ್ನು ಮುಂದೆ ಒಂದನೇ ಪಾರ್ಟಿ ಎಂದು ಕರೆಯಲಾಗುವುದು. ಎಂಟು ಸಾಲು ಓದುವಷ್ಟರಲ್ಲಿ ನನಗೆ ಏದುಸಿರು ಬಂತು, ಅವಳಿಗೆ ಸಿಟ್ಟು ಬಂತು.

"ಹೆಸ್ರ್ ವಿಳಾಸ ಎಲ್ಲ ಬಿಡ್ ಅಮ್ಮಮ್ಮ. ಒಂದನೇ ಪಾರ್ಟಿ ಅಂದ್ರೆ ಮಿಶನ್ ಕೊಡುವವ. ಎರಡನೇ ಪಾರ್ಟಿ ಅಂದ್ರೆ ನಾವ್, ಕಂಪನಿ. ಸೀದಾ ಷರತ್ತಿಗೆ ಹೋಗ್."

ಸೀದಾ ಷರತ್ತಿಗೆ ಹೋದೆ. ಗಂಟೆಗೆ ಸಾವಿರದ ಮುನ್ನೂರು. ಮುಂದೆ ಕಲ್ಲು ಒಡೆಯುವ ಬ್ರೇಕರ್ ಸಿಕ್ಕಿಸಿದರೆ ಸಾವಿರದ ಆರುನೂರು. ಡೀಸೆಲ್ಲು, ಡ್ರೈವರ್ ಅವರದ್ದೇ. ಅದನ್ನು ಬರೆದೆ. ಆಮೇಲೆ ಬಂದದ್ದು "ಕನಿಷ್ಠ ಎರಡು ಗಂಟೆ".

"ಇದೆಂತ? ಅರ್ಧ ಗಂಟೆ ಕೆಲ್ಸ ಮಾಡಿರೂ ಎರಡ್ ಗಂಟೆದ್ ಕೊಡ್ಕಾ?"

"ಹೌದ್."

"ಉಳ್ದ ಒಂದೂವರೆ ಗಂಟೆ ಅವ ಎಂತ ಮಾಡ್ತ? ನಿದ್ದಿಯಾ?"

"ಅಮ್ಮಮ್ಮ, ನೀ ಕುಂದಾಪ್ರಕ್ಕೆ ಟೆಂಪೋ ಮಾಡ್ಕಂಡ್ ಹೋದ್ರೆ, ಎರಡೇ ಬುಟ್ಟಿ ಇದ್ರೂ ಇಡೀ ಟೆಂಪೋ ಬಾಡ್ಗಿ ಕೊಡ್ತಿದ್ಯಾ ಇಲ್ಯಾ? ಹಾಂಗೆ. ವಂಡ್ಸೆಯಿಂದ ಬಂದ್ ಹೋಪುಕೆ ಅವನಿಗೆ ಖರ್ಚಿಲ್ಯಾ?"

ಇದು ತಲೆಗೆ ಹೋಯಿತು. ಕನಿಷ್ಠ ಎರಡು ಗಂಟೆ ಎಂದು ಎರಡನೇ ಕಾಲಮ್ಮಿನಲ್ಲಿ ಬರೆದೆ. ಮೂರನೇ ಕಾಲಂ ಹಾಳಾಗುವುದರದ್ದು. ಸಹಜ ಸವಕಳಿ, ಎಂಜಿನ್ ತೊಂದರೆ ಒಂದನೇ ಪಾರ್ಟಿಯವರದ್ದು. ನೆಲದೊಳಗೆ ಪೈಪು, ಕೇಬಲ್ಲು ಇದ್ದು ಎರಡನೇ ಪಾರ್ಟಿಯವರು ಮೊದಲೇ ತಿಳಿಸದೆ ಹೋಗಿ ಆದ ಹಾನಿ ಎರಡನೇ ಪಾರ್ಟಿಯವರದ್ದು. ಬಕೆಟಿನ ಹಲ್ಲು ಸವೆದರೆ ಅವರು, ನಮ್ಮ ತಪ್ಪಿನಿಂದ ಮುರಿದರೆ ನಾವು. ಸವೆಯುವುದು ಎಲ್ಲಿ ಮುಗಿದು ಮುರಿಯುವುದು ಎಲ್ಲಿ ಶುರು ಎಂದು ಕೇಳಿದೆ. "ಅದ್ ನಮ್ಗ್ ಬೇಡ, ಅವ್ರ್ ಕಚ್ಚಾಡ್ಕಂಬ್ರ್" ಎಂದಳು.

ಎರಡನೆಯದು ರೋಲರಿನದ್ದು. ಅದರಲ್ಲಿ ಗಂಟೆಯ ಬಾಡಿಗೆಯೇ ಇಲ್ಲ. ದಿನಕ್ಕೆ ಆರು ಸಾವಿರ, ದಿನ ಎಂದರೆ ಎಂಟು ಗಂಟೆ, ಎಂಟು ಮೀರಿದ ಮೇಲೆ ಪ್ರತಿ ಗಂಟೆಗೆ ಏಳುನೂರ ಐವತ್ತು. ನಾನು ಜಾಣತನ ಮಾಡಲು ಹೋದೆ. ಆರು ಸಾವಿರವನ್ನು ಎಂಟರಿಂದ ಭಾಗಿಸಿದರೂ ಏಳುನೂರ ಐವತ್ತೇ ಬರುತ್ತದೆ, ಹಾಗಾದರೆ ಗಂಟೆಗೆ ಅಷ್ಟೇ ಎಂದು ಮೊದಲ ಕಾಲಮ್ಮಿನಲ್ಲಿ ಬರೆದುಬಿಡುತ್ತೇನೆ ಎಂದೆ. ಮಲಗಿದ್ದವಳು ಎದ್ದು ಕೂತಳು.

"ಬೇಡ ಬೇಡ! ಹಾಂಗ್ ಬರ್ದ್ರೆ ಮ್ಯಾನೇಜರ್ ಎರಡ್ ಗಂಟೆಗೆ ಕರಿತ್ರ್, ಸಾವಿರದೈನೂರ್ ಆತ್ ಅಂದ್ಕಂಡ್. ಬಿಲ್ಲ್ ಆರ್ ಸಾವಿರ ಬತ್ತ್. ಕಾಗ್ದದಲ್ಲಿ ಹ್ಯಾಂಗ್ ಇತ್ತ್ ಹಾಂಗೇ ಬರಿ. ನಾವ್ ಲೆಕ್ಕ ಮಾಡುಕಿಲ್ಲೆ."

ಸರಿ. ಇದ್ದ ಹಾಗೆ ಬರೆದೆ. ಕೆಳಗೆ ಕನಿಷ್ಠ ಮೂರು ದಿನ ಎಂದೂ ಇತ್ತು, ಎಂದರೆ ಬಿಲ್ಲು ಆರಲ್ಲ, ಹದಿನೆಂಟು ಸಾವಿರ. ಮೂರನೆಯದು ನೀರೆತ್ತುವ ಪಂಪಿನದ್ದು, ಸಣ್ಣದು, ಅದಕ್ಕೂ ಇದೇ ಟೈಪಿನ ಅಂಗಡಿಯ ಕಾಗದ, ಇದೇ ಒಂದನೇ ಪಾರ್ಟಿ ಎರಡನೇ ಪಾರ್ಟಿ. ಹೋಸ್ ಪೈಪು ಕಳೆದರೆ ಎರಡನೇ ಪಾರ್ಟಿ. ಎರಡನೇ ಪಾರ್ಟಿ ಎಂದು ಕಂಡಲ್ಲೆಲ್ಲ "ಕಂಪನಿ" ಎಂದೂ, ಒಂದನೇ ಪಾರ್ಟಿ ಎಂದು ಕಂಡಲ್ಲೆಲ್ಲ "ಮಾಲೀಕ" ಎಂದೂ ಬರೆಯುತ್ತಾ ಹೋದೆ. ಕೈ ಪಳಗಿತು. ಅದೇ ಕೆಟ್ಟದ್ದಾಯಿತು.

ನಾಲ್ಕನೆಯದು ಚೈನಿನ ಮೇಲೆ ಓಡುವ ದೊಡ್ಡ ಮಣ್ಣಿನ ಯಂತ್ರದ್ದು. ಯಾವ ಕಂಪನಿಯದ್ದಾದರೂ ನಮ್ಮ ಕಡೆ ಅದಕ್ಕೆ ಹಿಟಾಚಿ ಎಂದೇ ಹೆಸರು. ಶಂಕರನಾರಾಯಣದ ಕಡೆಯ ಒಬ್ಬರದ್ದು. ಈ ಕಾಗದ ಬೇರೆ ಥರ ಇತ್ತು. ಅಕ್ಷರ ದಪ್ಪ, ಪುಟ ನಾಲ್ಕು. ಮಾಲೀಕ ಇಂಗ್ಲಿಷಿನ ಕಾಗದಕ್ಕೆ ಸಹಿ ಹಾಕುವುದಿಲ್ಲ ಎಂದದ್ದರಿಂದ ಕಂಪನಿಯವರೇ ತಮ್ಮ ಕಾಗದವನ್ನು ಕನ್ನಡ ಮಾಡಿಸಿದ್ದಂತೆ. ಆ ವಿಷಯ ನನಗೆ ಆಮೇಲೆ ಗೊತ್ತಾದದ್ದು.

ಹಾಳೆ ತಿರುಗಿಸುವಾಗ ಮೇಲಿನ ಸಾಲು ಕಣ್ಣಿಗೆ ಬಿತ್ತು. ಕಂಪನಿಯ ಹೆಸರು ಮೊದಲು ಇತ್ತು, ಶಂಕರನಾರಾಯಣದವರ ಹೆಸರು ಕೆಳಗೆ ಇತ್ತು. ಉಳಿದ ಮೂರರಲ್ಲಿ ಹೀಗಿರಲಿಲ್ಲ. ನಾನು ನೋಡಿದೆ. ನೋಡಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಕಂಪನಿ ದೊಡ್ಡದಲ್ಲವಾ, ಮರ್ಯಾದೆಗೆ ಮೇಲೆ ಹಾಕಿರಬೇಕು ಎಂದುಕೊಂಡೆ. ಮದುವೆ ಕಾಗದದಲ್ಲಿ ದೊಡ್ಡವರ ಹೆಸರು ಮೇಲೆ ಹಾಕುವುದಿಲ್ಲವೇ, ಹಾಗೆ. ಹೆಸರು ವಿಳಾಸ ಬಿಡು ಎಂದು ಅವಳು ಹೇಳಿಯೂ ಆಗಿತ್ತು. ಬಿಟ್ಟೆ.

ಡೀಸೆಲ್ ಕಂಪನಿಯದ್ದು, ಗಂಟೆಗೆ ಒಂಬೈನೂರು, ಯಂತ್ರದೊಳಗಿನ ಮೀಟರಿನ ಪ್ರಕಾರ. ತಿಂಗಳಿಗೆ ಕನಿಷ್ಠ ಇನ್ನೂರು ಗಂಟೆ. ಓಡಲಿ, ನಿಂತಿರಲಿ, ಇನ್ನೂರು ಗಂಟೆಯ ಬಾಡಿಗೆ ಕೊಡಬೇಕು. ಯಂತ್ರವೇ ಕೆಟ್ಟು ನಿಂತ ದಿನಗಳನ್ನು ಮಾತ್ರ ಅದರಲ್ಲಿ ಕಳೆಯಬಹುದು. ಇನ್ನೂರು ಗಂಟೆ ನಿಂತಿರುವುದಕ್ಕೆ ಒಂದು ಲಕ್ಷದ ಎಂಬತ್ತು ಸಾವಿರ! ನಾನು ಮನಸ್ಸಿನಲ್ಲೇ ಎರಡು ಸಲ ಗುಣಿಸಿದೆ. ಎರಡು ಸಲವೂ ಅಷ್ಟೇ ಬಂತು.

ಆಮೇಲೆ ಮೂರನೇ ಕಾಲಮ್ಮಿನ ಷರತ್ತು. ಅದನ್ನು ಇಲ್ಲಿ ಇದ್ದ ಹಾಗೆ ಬರೆಯಬಲ್ಲೆ, ಆಮೇಲೆ ಅಷ್ಟು ಸಲ ಕೇಳಿದ್ದೇನೆ. "ಎಂಜಿನ್ ಹಾಗೂ ಸಹಜ ಸವಕಳಿಯ ದುರಸ್ತಿಯನ್ನು ಎರಡನೇ ಪಾರ್ಟಿಯವರು ಮಾಡಿಸತಕ್ಕದ್ದು. ಆದರೆ ಒಂದನೇ ಪಾರ್ಟಿಯವರ ಸೂಚನೆಯ ಮೇರೆಗೆ ಯಂತ್ರವನ್ನು ಉಬ್ಬರದ ಗೆರೆಯಿಂದ ಕೆಳಗೆ ಇಳಿಸಿದಲ್ಲಿ, ನೀರು, ಕೆಸರಿನಿಂದ ಆಗುವ ಹಾನಿಯನ್ನು ಒಂದನೇ ಪಾರ್ಟಿಯವರೇ ಭರಿಸತಕ್ಕದ್ದು."

ನಾನು ಓದಿದೆ. ಬರೆಯುವ ಮೊದಲು ನಿಲ್ಲಿಸಿದೆ.

"ಹೆಣೆ, ಇದ್ರಲ್ಲಿ ಎಂಜಿನ್ ಕೆಟ್ರೂ ಕಂಪನಿದಾ? ಉಳ್ದದ್ರಲ್ಲಿ ಎಂಜಿನ್ ಅವ್ರದ್ದಿತ್ತಲೆ."

ಅವಳು ಬಟ್ಟೆ ತಿರುಗಿಸಿ ಹಾಕಿಕೊಂಡಳು. "ತಿಂಗಳ ಬಾಡ್ಗಿ ಅಲ್ದಾ, ಹಾಂಗೂ ಇಪ್ಪುಕ್ ಸಾಕ್. ನೀರಿನದ್ದ್ ಯಾರದ್ದ್?"

"ಒಂದನೇ ಪಾರ್ಟಿದ್."

"ಹಾಂಗಾರೆ ಮಾಲೀಕಂದ್. ಅದೇ ಮ್ಯಾನೇಜರಿಗೆ ಬೇಕಾದ್ದ್. ಬರಿ."

ಬರೆದೆ. ನೀರು, ಕೆಸರು: ಮಾಲೀಕ. ಎಂಜಿನ್: ಕಂಪನಿ. ನನ್ನ ಕೈ ಅಕ್ಷರ ದಪ್ಪ, ಗುಂಡಗೆ, ಯಾರಿಗೂ ಓದಲು ಕಷ್ಟವಿಲ್ಲ. ಸೂಚನೆ ಗೀಚನೆ ಯಾರದು ಎಂದು ನಾವಿಬ್ಬರೂ ಯೋಚಿಸಲಿಲ್ಲ. ಮಾಲೀಕನೇ ತನ್ನ ಯಂತ್ರವನ್ನು ತಾನೇ ನೀರಿಗೆ ಇಳಿಸಲು ಸೂಚನೆ ಏಕೆ ಕೊಡುತ್ತಾನೆ? ಈಗ ನಾಲ್ಕು ಸಲ ಕೇಳಿಕೊಂಡರೂ ಅದೇ ಪ್ರಶ್ನೆ. ಆಗ ಒಂದು ಸಲವೂ ಕೇಳಿಕೊಳ್ಳಲಿಲ್ಲ. ಮೀನು ಹೆಚ್ಚಬೇಕಿತ್ತು, ಹೊತ್ತಾಗಿತ್ತು.

ಮರುದಿನ ಬೆಳಿಗ್ಗೆ ಫೋಟೋ ಹೋಯಿತು. ಮ್ಯಾನೇಜರಿನಿಂದ ಹೆಬ್ಬೆರಳಿನ ಚಿತ್ರ ಬಂತು. ಹುಡುಗಿಗೆ ಖುಷಿ. ಕಾಗದ ಬಂದೇ ಬಿಟ್ಟಿತು ಎನ್ನುವ ಹಾಗೆ ಅವಳ ಅಮ್ಮ ಕಾರ್ಖಾನೆಗೆ ಹೋಗುವಾಗ ಹಾಡುತ್ತಾ ಹೋದಳು. ಅವಳು ಹಾಡುವುದನ್ನು ಕೇಳದೆ ವರ್ಷಗಳಾಗಿದ್ದವು. ಚೆನ್ನಾಗಿಯೇನೂ ಹಾಡುವುದಿಲ್ಲ.

ಮೂರನೇ ದಿನ ಕಣ್ಣು ಸ್ವಲ್ಪ ಇಳಿದು ಹುಡುಗಿ ಕಪ್ಪು ಕನ್ನಡಕ ಹಾಕಿ ಕೆಲಸಕ್ಕೆ ಹೋದಳು, ಫೈಲು ಮ್ಯಾನೇಜರಿನ ಮೇಜಿಗೆ ವಾಪಸು ಹೋಯಿತು. ಅವತ್ತು ಅಮಾವಾಸ್ಯೆಯ ಹಿಂದಿನ ದಿನ. ಸಂಜೆ ಐದಕ್ಕೆ ಫೋನ್ ಬಂತು.

"ಅಮ್ಮಮ್ಮ, ನಾಲ್ಕನೇ ಕಾಗ್ದದ ಮೇಲೆ ಯಾರ ಹೆಸ್ರ್ ಇತ್ತ್?"

"ಕಂಪನಿದ್ದ್."

"ಸಮಾ ನೆನ್ಪ್ ಮಾಡ್ಕಂಡ್ ಹೇಳ್."

"ಮೇಲೆ ಕಂಪನಿ, ಕೆಳ್ಗೆ ಅವ್ರ್" ಎಂದೆ. "ಎಂತಕ್ಕೆ?"

"ಮಿಶನ್ ಹೊಳಿಯಲ್ಲಿ ಹುಗ್ದ್ ಹೋತ್" ಎಂದು ಹೇಳಿ ಫೋನ್ ಇಟ್ಟಳು.

ಆದದ್ದು ಇಷ್ಟು. ಉಬ್ಬರದ ನೀರು ಒಳಗೆ ನುಗ್ಗದ ಹಾಗೆ ಮಣ್ಣಿನ ಬಂಡ್ ಹಾಕಿದ್ದರು. ಅದರ ಹೊರಗೆ ಹೂಳು ತುಂಬಿತ್ತು. ಅಮಾವಾಸ್ಯೆಯ ನೀರು ಬರುವ ಮೊದಲು ಹೂಳು ತೆಗೆದು ಬಂಡಿಗೆ ಮಣ್ಣು ಏರಿಸಬೇಕು ಎಂದು ಮ್ಯಾನೇಜರಿನ ಅವಸರ. ಬೆಳಿಗ್ಗೆ ನೀರು ಇಳಿದಾಗ ಹಿಟಾಚಿ ಕೆಳಗೆ ಇಳಿಸು ಎಂದ. ಆಪರೇಟರ್ ಒಪ್ಪಲಿಲ್ಲ. ಮಾಲೀಕರಿಗೆ ಫೋನ್ ಮಾಡಿದ. ತಾನು ಬಂದು ನೋಡಿ ಹೇಳುತ್ತೇನೆ, ಅಲ್ಲಿಯವರೆಗೆ ಇಳಿಸಬೇಡ ಎಂದರಂತೆ ಅವರು. ಮ್ಯಾನೇಜರ್ ಫೋನಿನಲ್ಲಿದ್ದ ನನ್ನ ಅಕ್ಷರ ತೋರಿಸಿದ. ನೀರು, ಕೆಸರು: ಮಾಲೀಕ. ಏನಾದರೂ ಆದರೆ ನಿಮ್ಮ ಸಾಹುಕಾರನೇ ನೋಡಿಕೊಳ್ಳಬೇಕು ಎಂದು ಬರೆದು ಕೊಟ್ಟಿದ್ದಾನೆ, ಇಳಿಸು ಎಂದ. ಆಪರೇಟರ್ ಇಳಿಸಿದ. ಎರಡು ಗಂಟೆ ಚೆನ್ನಾಗಿ ಕೆಲಸ ಆಯಿತು. ಆಮೇಲೆ ಒಂದು ಬದಿಯ ಚೈನು ಕೆಸರಿಗೆ ಹೋಯಿತು, ಎಬ್ಬಿಸಲು ಹೋದಷ್ಟೂ ಒಳಗೆ ಹೋಯಿತು, ನೀರು ಏರಲು ಶುರುವಾಯಿತು.

ಅವತ್ತು ಸಂಜೆ ಬೈಂದೂರಿನಿಂದ ಇನ್ನೊಂದು ಹಿಟಾಚಿಯನ್ನು ಟ್ರೈಲರಿನಲ್ಲಿ ತರಿಸಿ, ತೆಂಗಿನ ದಿಮ್ಮಿ ಅಡಿಗೆ ಹಾಕಿ, ಉಕ್ಕಿನ ಹಗ್ಗ ಕಟ್ಟಿ ಎಳೆದರು. ಒಂದೂವರೆ ಗಂಟೆಯಲ್ಲಿ ಎಳೆದು ಮುಗಿಯಿತು, ಬಿಲ್ಲು ಎಂಟು ಗಂಟೆಯದ್ದು, ಮೇಲೆ ಟ್ರೈಲರ್ ಬಾಡಿಗೆ. ಅವರದ್ದೂ ಕನಿಷ್ಠ ಉಂಟಲ್ಲ. ಅಷ್ಟರಲ್ಲಿ ಉಪ್ಪು ನೀರು ಆಪರೇಟರ್ ಕೂರುವ ಸೀಟಿನ ಅಡಿಯವರೆಗೆ ಏರಿಯಾಗಿತ್ತು.

ಮರುದಿನ ಮಾಲೀಕರು ಬರುತ್ತಾರೆ, ಮಾತುಕತೆ ಉಂಟು ಎಂದು ಹುಡುಗಿ ಹೇಳಿದಳು. ರಾತ್ರಿ ಊಟ ಮಾಡಲಿಲ್ಲ. ಅವಳ ಅಮ್ಮ ನನ್ನನ್ನೂ ನೋಡಿದಳು, ಮಗಳನ್ನೂ ನೋಡಿದಳು, "ಯಾರ್ ಓದಿದ್ದ್?" ಎಂದು ಕೇಳಿದಳು. ಹುಡುಗಿ "ನಾ" ಎಂದಳು. ನಾನು ಆಗ ಬಾಯಿ ಬಿಡಲಿಲ್ಲ. ಬೆಳಿಗ್ಗೆ ಅವಳು ಬಸ್ಸು ಹತ್ತುವಾಗ ನಾನೂ ಹತ್ತಿದೆ.

"ನೀ ಎಲ್ಲಿಗೆ?"

"ನಿನ್ ಆಫೀಸಿಗೆ."

"ಎಂತಕ್ಕೆ? ಮರ್ಯಾದಿ ತೆಗಿಬೇಡ ಅಮ್ಮಮ್ಮ."

"ಟಿಕೆಟ್ ನಂದ್ ನಾ ತೆಗಿತೆ, ನೀ ಸುಮ್ಗಿರ್."

ಸೈಟ್ ಆಫೀಸ್ ಎಂದರೆ ತಗಡಿನ ಒಂದು ಡಬ್ಬ. ಒಳಗೆ ಒಂದು ಫ್ಯಾನು, ಎರಡು ಮೇಜು, ಗೋಡೆಯ ಮೇಲೆ ನಕ್ಷೆ. ಮ್ಯಾನೇಜರ್ ಬಾಗಲಕೋಟೆ ಕಡೆಯವನು, ನಲವತ್ತರ ಒಳಗಿನವನು, ಗಡ್ಡ ಬಿಟ್ಟಿದ್ದ, ನಿದ್ದೆ ಮಾಡಿರಲಿಲ್ಲ. ಮಾಲೀಕರು ಬಿಳಿ ಪಂಚೆ, ನನಗಿಂತ ಹತ್ತು ವರ್ಷ ಸಣ್ಣವರಿರಬೇಕು. ಹೊರಗೆ ಅವರ ಹಳದಿ ಯಂತ್ರ ಕೆಸರಿನ ಬಣ್ಣಕ್ಕೆ ತಿರುಗಿ ನಿಂತಿತ್ತು. ನನಗೆ ಕುರ್ಚಿ ಕೊಟ್ಟರು, ಯಾರೆಂದು ಕೇಳಲಿಲ್ಲ. ಮುದುಕಿಯರು ಎಲ್ಲಿಗೆ ಬಂದರೂ ಮೊದಲು ಕುರ್ಚಿ ಕೊಡುತ್ತಾರೆ, ಪ್ರಶ್ನೆ ಆಮೇಲೆ.

ಮ್ಯಾನೇಜರ್ ಹಾಳೆಯ ಪ್ರಿಂಟು ಮುಂದಿಟ್ಟ. ನನ್ನ ಗುಂಡು ಅಕ್ಷರ ಅಷ್ಟು ಜನರ ನಡುವೆ ನೋಡಲು ನಾಚಿಕೆಯಾಯಿತು.

"ನೋಡ್ರಿ ಸಾಹುಕಾರ್ರ, ಇಲ್ಲಿ ಬರ್ದೈತಿ. ನೀರು, ಕೆಸರು ನಿಮ್ದ."

ಮಾಲೀಕರು ತಮ್ಮ ಪ್ರತಿ ತೆಗೆದು ಕನ್ನಡಕ ಹಾಕಿಕೊಂಡರು. "ಈ ಹಾಳಿ ನಾ ಸೈನ್ ಹಾಕಿದ್ದಲ್ಲ. ಸೈನ್ ಹಾಕಿದ್ದ್ ಇದ್. ಕಾಣಿ, ಒಂದನೇ ಪಾರ್ಟಿ ನಿಮ್ ಕಂಪನಿ. ಎರಡನೇ ಪಾರ್ಟಿ ನಾನ್."

ಮ್ಯಾನೇಜರ್ ಓದಿದ. ಪುಟ ಹಿಂದೆ ತಿರುಗಿಸಿದ, ಮುಂದೆ ತಿರುಗಿಸಿದ, ಮತ್ತೆ ಓದಿದ. ಫೈಲಿನಿಂದ ತಮ್ಮ ಪ್ರತಿ ತೆಗೆದು ಅದನ್ನೂ ಓದಿದ. ಎರಡೂ ಒಂದೇ. ನನಗೆ ಅವನನ್ನು ನೋಡಿ ಪಾಪ ಎನ್ನಿಸಲಿಲ್ಲ, ನನ್ನ ಹಾಗೆಯೇ ಗಲಿಬಿಲಿ ಆದ ಇನ್ನೊಬ್ಬ ಸಿಕ್ಕಿದ ಎಂದು ಸ್ವಲ್ಪ ಸಮಾಧಾನವಾಯಿತು.

"ಆದ್ರ ಹಾಳ್ಯಾಗ..." ಎಂದ.

"ಆ ಹಾಳಿಯಲ್ಲಿ ಎಂಜಿನ್ ಕೆಟ್ರೆ ಕಂಪನಿ ಅಂತ್ಲೂ ಬರ್ದಿತ್ತಲೆ?" ಎಂದರು ಮಾಲೀಕರು. ಅವರು ಬೆರಳಿಟ್ಟು ತೋರಿಸಿದರು. "ನಿಮ್ಗೆ ಹಾಳಿ ಬೇಕಾ, ಹಾಳಿಯೇ ಇರ್ಲಿ. ಹಾಂಗಾರೆ ಇನ್ ಮೇಲೆ ಎಂಜಿನ್ ರಿಪೇರಿ ಪೂರಾ ನಿಮ್ದ್. ಕರಾರ್ ಬೇಕಾ, ಹಾಂಗಾರೆ ನೀರಿಂದ್ ನಿಮ್ದ್. ಒಂದ್ ಆರಿಸ್ಕಣಿ. ಎರಡೂ ನಿಮ್ ಬದಿಗೇ ಬಪ್ಪುಕಿಲ್ಲೆ."

ಮ್ಯಾನೇಜರ್ ಆ ಸಾಲನ್ನು ಆಗ ಮೊದಲ ಸಲ ನೋಡಿದ ಎಂದು ಮುಖದಲ್ಲೇ ಗೊತ್ತಾಯಿತು. ಅವನು ನೀರಿನ ಸಾಲು ಮಾತ್ರ ಓದಿದ್ದ. ತಿರುಗಿ ನನ್ನ ಮೊಮ್ಮಗಳನ್ನು ನೋಡಿದ.

"ಏನ್ರೀ ಮೇಡಂ, ಇದನ್ನ ಹೆಂಗ್ ಬರದ್ರಿ ನೀವು?"

ಅವಳು ಕಪ್ಪು ಕನ್ನಡಕದ ಒಳಗಿಂದ ನೆಲ ನೋಡುತ್ತಿದ್ದಳು. "ನಂದೇ ತಪ್ಪು ಸಾರ್" ಎಂದಳು.

"ಅವಳದ್ದಲ್ಲ" ಎಂದೆ. "ಅವಳಿಗೆ ಕಣ್ಣ್ ಕಾಣ್ತಿರ್ಲಿಲ್ಲೆ. ಓದಿದ್ದ್ ನಾನ್, ಬರ್ದದ್ದ್ ನಾನ್. ಮೇಲೆ ಕಂಪನಿ ಹೆಸ್ರ್ ಇಪ್ಪುದ್ ಕಂಡಿದೆ. ಕಂಡೂ ಹೇಳ್ಲಿಲ್ಲೆ."

ಮ್ಯಾನೇಜರ್ ಹಾಳೆಯ ಅಕ್ಷರ ನೋಡಿದ, ನನ್ನ ಕೈ ನೋಡಿದ. "ಅಜ್ಜಿ, ನೀವು ಎಷ್ಟನೇತ್ತಾ ಓದೀರಿ?"

"ಮೂರನೇ ಕ್ಲಾಸ್."

"ದೇವರ! ಬಾಡಿಗಿ ಮಿಶನ್ ಮೂರನೇತ್ತಾ ಓದಿದವ್ರ ಮಾತಿನ ಮ್ಯಾಲ ನೀರಿಗ್ ಇಳಿಸೀನಿ."

"ನೀನ್ ಎಷ್ಟನೇದ್ ಓದಿದ್ದೆ ಮಗಾ?" ಎಂದೆ.

"ಎಂಜಿನಿಯರಿಂಗ್ ರೀ."

"ಹಾಂಗಾರೆ ಆಪರೇಟರ್ ಬೇಡ ಅಂದಾಗ ಕರಾರ್ ತೆಗ್ದ್ ಕಾಂಬುಕ್ ಎಂತ ಆಯಿತ್? ಫೈಲ್ ನಿನ್ ಮೇಜಿನಲ್ಲೇ ಇತ್ತಲೆ."

ಮಾಲೀಕರು ಕೆಮ್ಮಿದರು. ನಕ್ಕರೋ ಕೆಮ್ಮಿದರೋ ಗೊತ್ತಿಲ್ಲ. ಮ್ಯಾನೇಜರ್ ಎದ್ದು ಹೋಗಿ ನೀರು ಕುಡಿದು ಬಂದು ಕೂತ. ಸಿಟ್ಟು ನನ್ನ ಮೇಲೆಯೋ, ಹುಡುಗಿಯ ಮೇಲೆಯೋ, ಅವನ ಮೇಲೆಯೇ ಅವನಿಗೋ, ನನಗೆ ತಿಳಿಯಲಿಲ್ಲ. ಅವನಿಗೂ ತಿಳಿದಂತೆ ಕಾಣಲಿಲ್ಲ.

ಆಮೇಲೆ ಅವರಿಬ್ಬರೂ ಒಂದು ಗಂಟೆ ಮಾತಾಡಿದರು. ನನಗೆ ಅರ್ಥವಾದಷ್ಟು ಹೇಳುತ್ತೇನೆ. ಹೈಡ್ರಾಲಿಕ್ ಎಣ್ಣೆ ಬದಲಿಸುವುದು, ವಯರಿಂಗು, ಸ್ವಚ್ಛ ಮಾಡುವುದು ಕಂಪನಿಯದ್ದು. ಎಳೆದ ಯಂತ್ರದ ಬಿಲ್ಲು ಕಂಪನಿಯದ್ದು. ರಿಪೇರಿಗೆ ನಿಂತ ದಿನಗಳನ್ನು ಇನ್ನೂರು ಗಂಟೆಯಲ್ಲಿ ಕಳೆಯಬಾರದು ಎಂದರು ಮಾಲೀಕರು, ಕೆಟ್ಟು ನಿಂತರೆ ಕಳೆಯಬಹುದು ಎಂದು ಕರಾರಿನಲ್ಲಿದೆ ಎಂದ ಮ್ಯಾನೇಜರ್. ತಾನಾಗಿ ಕೆಟ್ಟದ್ದೋ, ಕೆಡಿಸಿದ್ದೋ ಎಂದು ಅವರು. ಕರಾರಿನಲ್ಲಿ ಎರಡಕ್ಕೂ ಬೇರೆ ಬೇರೆ ಬರೆದಿಲ್ಲ ಎಂದು ಇವನು. ಕೊನೆಗೆ ನಿಂತ ದಿನಗಳಲ್ಲಿ ಅರ್ಧದಷ್ಟನ್ನು ಮಾತ್ರ ಕಳೆಯುವುದು ಎಂದಾಯಿತು. ಏಕೆ ಅರ್ಧ ಎಂದು ನನ್ನನ್ನು ಕೇಳಬೇಡಿ.

ನಾನು ಅಷ್ಟೂ ಹೊತ್ತು ಕಾಯುತ್ತಿದ್ದದ್ದು ಹುಡುಗಿಯ ವಿಷಯಕ್ಕೆ. ಮಾಲೀಕರು ಹೋದ ಮೇಲೆ ಅದು ಬಂತು.

"ಆಫೀಸಿಗೆ ರಿಪೋರ್ಟ್ ಬರೀಬೇಕು ನಾನು" ಎಂದ ಮ್ಯಾನೇಜರ್. "ಹಾಳಿ ತಪ್ಪಿತ್ತು ಅಂತ ಬರೀಬೇಕು. ಕರಾರು ಓದಲಾರದ ಮಿಶನ್ ಇಳಿಸಿದೆ ಅಂತ ನಂದೂ ಬರೀಬೇಕು. ಎರಡೂ ಬರೀತೀನಿ."

"ನನ್ ಹೆಸ್ರ್ ಬರಿ" ಎಂದೆ.

"ನಿಮ್ಮ ಹೆಸರು ಬರದ್ರ ನನ್ನ ಮೊದಲ ಹೊರಗ್ ಹಾಕ್ತಾರ ಅಜ್ಜಿ. ಕಂಪನಿ ಕಾಗದ ಮನಿಗೆ ಹೋಗಾಕ ಯಾಕ್ ಬಿಟ್ಟಿ ಅಂತ."

ಹೌದು, ಅದೂ ಒಂದು ತಪ್ಪಂತೆ. ಕಾಗದ ಮನೆಗೆ ತರಲೇಬಾರದಿತ್ತಂತೆ. ನಾನು ತಪ್ಪು ಒಂದೇ ಎಂದುಕೊಂಡು ಬಂದಿದ್ದೆ, ಅಲ್ಲಿ ಕೂತ ಹೊತ್ತಿನಲ್ಲಿ ಐದಾರು ಆದವು. ಪ್ರತಿಯೊಬ್ಬರಿಗೂ ಒಂದೊಂದು ಬಂತು, ಆದರೂ ಯಾರಿಗೂ ಕಡಿಮೆಯಾದ ಹಾಗೆ ಕಾಣಲಿಲ್ಲ.

ಅವತ್ತೇ ಅವನು ಹನ್ನೊಂದು ಕರಾರನ್ನೂ ಮೇಜಿನ ಮೇಲೆ ಹರಡಿದ. ಹುಡುಗಿ ಕಣ್ಣಿಗೆ ಮದ್ದು ಬಿಟ್ಟುಕೊಂಡು ಮತ್ತೆ ಶುರು ಮಾಡಿದಳು. ಈ ಸಲ ಒಂದನೇ ಪಾರ್ಟಿ, ಎರಡನೇ ಪಾರ್ಟಿ ಎಂದು ಯಾವ ಕಾಲಮ್ಮಿನಲ್ಲೂ ಯೋಚಿಸಬಾರದು, ಮೊದಲು ಕೊಟ್ಟವರ ಹೆಸರು, ತೆಗೆದುಕೊಂಡವರ ಹೆಸರು ಬರೆಯಬೇಕು, ಹಾನಿಯ ಸಾಲನ್ನು ಇದ್ದ ಹಾಗೆ ನಕಲು ಮಾಡಬೇಕು, ಪಕ್ಕದಲ್ಲಿ ಪುಟದ ನಂಬರು ಹಾಕಬೇಕು ಎಂದ ಮ್ಯಾನೇಜರ್. ಅವಳು ಒಂದೊಂದು ಓದಿದಾಗ ಅವನು ಕಾಗದ ಹಿಡಿದು ಜೊತೆಗೆ ನೋಡುತ್ತಿದ್ದ. ಇಂಗ್ಲಿಷಿನ ಏಳರಲ್ಲಿಯೂ ಎರಡರಲ್ಲಿ ಕಂಪನಿಯೇ ಮೊದಲು ಇತ್ತು. ಅವನ್ನು ಅವಳೇ ಕಣ್ಣು ಕೆಡುವ ಮೊದಲು ಬರೆದದ್ದು. ಅವೂ ತಿರುವು ಮುರುವಾಗಿದ್ದವು. ಅದು ಕಂಡಾಗ ಅವಳು ನನ್ನ ಕಡೆ ನೋಡಿದಳು. ನನಗೆ ಸ್ವಲ್ಪ ಹಗುರವಾಯಿತು ಎಂದರೆ ನಾನು ಕೆಟ್ಟವಳು ಎನ್ನಬಹುದು. ಆಯಿತು, ಏನು ಮಾಡುವುದು.

ತಿಂಗಳ ಕೊನೆಗೆ ಕಂಪನಿಯಿಂದ ಕಾಗದ ಬಂತು. ಕಾಯಂ ಮಾಡಿದ್ದಲ್ಲ, ತೆಗೆದುಹಾಕಿದ್ದೂ ಅಲ್ಲ. ಇನ್ನೂ ಮೂರು ತಿಂಗಳು ನೋಡುತ್ತೇವೆ ಎಂದು. ಹುಡುಗಿ ಅದನ್ನು ಮನೆಗೆ ತರಬಹುದಾಗಿತ್ತು, ಅದು ಅವಳದ್ದೇ ಕಾಗದ. ತಂದು ಅವಳ ಅಮ್ಮನ ಕೈಯಲ್ಲಿ ಕೊಟ್ಟಳು. ಅವಳ ಅಮ್ಮ ಓದಿ, ಮಡಚಿ, ಬ್ಲೌಸಿನೊಳಗೆ ಇಟ್ಟುಕೊಂಡು, ಮರುದಿನ ಎಂದಿನ ಬಸ್ಸಿಗೆ ಕಾರ್ಖಾನೆಗೆ ಹೋದಳು. ನನ್ನ ಹತ್ತಿರ ಒಂದು ವಾರ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಸೊಂಟಕ್ಕೆ ಎಣ್ಣೆ ತಿಕ್ಕಲು ಯಾರೂ ಇಲ್ಲದೆ ಮಾತಾಡಿದಳು.

ಹುಡುಗಿಗೆ ಸಿಟ್ಟು ಇರಲಿಲ್ಲ. "ನೀ ಓದಿದ್ದ್ ಸರಿಯೇ ಅಮ್ಮಮ್ಮ. ಬಿಡ್ ಅಂತ ಹೇಳಿದ್ದ್ ನಾನ್" ಎಂದಳು. ಅದು ಸತ್ಯವೂ ಹೌದು. ಆದರೆ ಆ ಮೂರು ತಿಂಗಳಲ್ಲಿ ಒಂದು ಸಲವೂ, ಕರೆಂಟು ಬಿಲ್ಲನ್ನು ಸಹ, ಓದಿ ಹೇಳು ಎಂದು ನನ್ನ ಕೈಗೆ ಕೊಡಲಿಲ್ಲ. ತಾನೇ ಓದಿದಳು. ನಾನು ಕೇಳಲಿಲ್ಲ.